ಮೂರು ಮಹಡಿಯ ಲೆಕ್ಕ

ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಎರಡು ತಿಂಗಳಿಗೇ ಬಿಟ್ಟಿದ್ದೀಯ. ಈಗ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಯೇ ತೂಕ ಇಳಿಸಬಹುದಾ ಮಾವ ಅಂತ ಕೇಳ್ತೀಯ. ಇಳಿಸಬಹುದು ಕಣೋ, ಆದರೆ ನಿನ್ನ ಗೆಳೆಯರು ಕಳಿಸುವ ವಿಡಿಯೊಗಳಲ್ಲಿ ಹೇಳುವಷ್ಟು ಬೇಗ ಅಲ್ಲ. ನಾನು ಪಿ.ಟಿ. ಮೇಷ್ಟ್ರಾಗಿದ್ದವನು. ಮಕ್ಕಳನ್ನು ಓಡಿಸುವಾಗಲೂ ಕೈಯಲ್ಲಿ ಗಡಿಯಾರ, ಜೇಬಲ್ಲಿ ಚೀಟಿ ಇಟ್ಟುಕೊಂಡೇ ಓಡಿಸಿದ್ದು. ಆದ್ದರಿಂದ ಮೊದಲು ಲೆಕ್ಕ ಹೇಳ್ತೀನಿ, ಆಮೇಲೆ ಏನು ಮಾಡಬೇಕು ಅನ್ನೋದು.

ಸಮನೆಲದಲ್ಲಿ ನಡೆಯುವಾಗ ದೇಹ ಮುಂದಕ್ಕೆ ಜಾರುತ್ತಾ ಹೋಗುತ್ತದೆ, ಅದಕ್ಕೆ ಹೆಚ್ಚು ಖರ್ಚಿಲ್ಲ. ಮೇಲೆ ಹತ್ತುವಾಗ ಪ್ರತಿ ಹೆಜ್ಜೆಗೂ ನಿನ್ನ ಪೂರ್ತಿ ತೂಕವನ್ನು ಎತ್ತಬೇಕು. ವ್ಯಾಯಾಮ ಶಾಸ್ತ್ರದವರು ಆಮ್ಲಜನಕ ಅಳೆದು ಮಾಡಿಟ್ಟ ಸೂತ್ರದ ಪ್ರಕಾರ ಒಂದು ಮೀಟರ್ ಎತ್ತರ ಏರಲು ಆಗುವ ಖರ್ಚು, ಸಮನೆಲದಲ್ಲಿ 18 ಮೀಟರ್ ನಡೆದಷ್ಟು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮಹಡಿ ಸುಮಾರು 3 ಮೀಟರ್, ಮೆಟ್ಟಿಲು ಹದಿನೆಂಟರಿಂದ ಇಪ್ಪತ್ತು. ಅಂದರೆ ಒಂದು ಮಹಡಿ ಹತ್ತಿದರೆ ಐವತ್ತು ಚಿಲ್ಲರೆ ಮೀಟರ್ ನಡೆದ ಹಾಗೆ. ನೀನು ಅರ್ಧ ಗಂಟೆ ಪಾರ್ಕು ಸುತ್ತುವ ಬದಲು ಹದಿನೈದು ನಿಮಿಷ ಮೆಟ್ಟಿಲು ಹತ್ತಿದರೆ ಸಾಕು ಅನ್ನೋದು ಇದರಿಂದಲೇ ಬಂದ ಮಾತು, ಅದು ಸುಳ್ಳಲ್ಲ.

ಈಗ ಇದನ್ನೇ ಕ್ಯಾಲರಿಯಲ್ಲಿ ನೋಡು. ನಿನ್ನ ತೂಕ 75 ಕೆ.ಜಿ. ಅಂದೆ. ಒಂದು ಮಹಡಿಗೆ ನಿನಗೆ ಖರ್ಚಾಗುವುದು ಸುಮಾರು 2 ಕ್ಯಾಲರಿ. ಹೌದು, ಎರಡೇ. ನಿನ್ನ ಮನೆ ಇರುವ ಆರನೇ ಮಹಡಿಗೆ ಏದುಸಿರು ಬಿಟ್ಟುಕೊಂಡು ಹತ್ತಿದರೆ ಹನ್ನೆರಡು. ಒಂದು ಚಮಚ ಸಕ್ಕರೆ ಐದು ಗ್ರಾಂ ಅಂದರೆ ಇಪ್ಪತ್ತು ಕ್ಯಾಲರಿ. ಆರು ಮಹಡಿ ಹತ್ತಿದ್ದು ಆ ಚಮಚದಲ್ಲಿ ಅರ್ಧಕ್ಕಿಂತ ಒಂಚೂರು ಹೆಚ್ಚು, ಅಷ್ಟೇ. ಇಳಿಯುವುದಕ್ಕೆ ಹತ್ತಿದ್ದರ ಮೂರನೇ ಒಂದು ಪಾಲಿನಷ್ಟು ಖರ್ಚು. ಇದನ್ನು ಕೇಳಿದ ಮೇಲೂ ನಿನಗೆ ಮೆಟ್ಟಿಲು ಬೇಕೆನ್ನಿಸಿದರೆ ಮುಂದೆ ಓದು.

ಲೆಕ್ಕ ಇಷ್ಟು ಸಣ್ಣದಾದ ಕಾರಣ ಒಂದೇ ಸಲ ಹತ್ತಿ ಸುಸ್ತಾಗುವುದರಲ್ಲಿ ಅರ್ಥವಿಲ್ಲ, ದಿನವಿಡೀ ಅಲ್ಲಲ್ಲಿ ಕೂಡಿಸಬೇಕು. ಆಫೀಸಿನವರಿಗೆ ಇದು ಅನುಕೂಲವೂ ಹೌದು. ಯಾಕೆಂದರೆ ಇದಕ್ಕೆ ಬಟ್ಟೆ ಬದಲಿಸಬೇಕಿಲ್ಲ, ಪ್ರತ್ಯೇಕ ಸಮಯ ಬೇಕಿಲ್ಲ. ನಿನ್ನ ದಿನವನ್ನೇ ತೆಗೆದುಕೋ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ ಕೆಳಗೆ ಹೋಗ್ತೀಯ. ಲಿಫ್ಟಿನಲ್ಲಿ ಇಳಿ, ಹತ್ತಿಕೊಂಡು ಬಾ, ಆರಾಯಿತು. ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಪಕ್ಕದ ಮೆಟ್ಟಿಲು ಹಿಡಿ. ಎತ್ತರಿಸಿ ಕಟ್ಟಿದ ನಿಲ್ದಾಣವಾದರೆ ರಸ್ತೆಯಿಂದ ಪ್ಲಾಟ್‌ಫಾರಮ್ಮಿನವರೆಗೆ ಮೂರು-ನಾಲ್ಕು ಮಹಡಿಯಷ್ಟು ಎತ್ತರ ಸಿಗುತ್ತದೆ. ಆಫೀಸು ನಾಲ್ಕನೇ ಮಹಡಿ, ಬೆಳಿಗ್ಗೆ ಒಮ್ಮೆ, ಊಟ ಮುಗಿಸಿ ಬರುವಾಗ ಒಮ್ಮೆ, ಅಲ್ಲಿಗೆ ಎಂಟು. ಸಂಜೆ ಮನೆಗೆ ಆರು. ರಾತ್ರಿ ಊಟವಾಗಿ ಅರ್ಧ ಗಂಟೆ ಬಿಟ್ಟು ಕೆಳಗೆ ಒಂದು ಸುತ್ತು ಹಾಕಿ ಹತ್ತಿದರೆ ಇನ್ನೊಂದಾರು. ಎಲ್ಲ ಸೇರಿ ಮೂವತ್ತು ಮಹಡಿ. ಒಂದು ಮಹಡಿಗೆ ಇಪ್ಪತ್ತು ಸೆಕೆಂಡ್ ಹಿಡಿದರೂ ಹತ್ತು ನಿಮಿಷದ ಕೆಲಸ, ತೊಂಬತ್ತು ಮೀಟರ್ ಎತ್ತರ, ಅರವತ್ತು ಕ್ಯಾಲರಿ. ಸಮನೆಲದಲ್ಲಾದರೆ ಅಷ್ಟಕ್ಕೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು, ಇಪ್ಪತ್ತು ನಿಮಿಷ ಬೇಕು.

ಅರವತ್ತು ಕ್ಯಾಲರಿ ಅಂದರೆ ಮೂರು ಚಮಚ ಸಕ್ಕರೆ. ನೀನು ದಿನಕ್ಕೆ ಕುಡಿಯುವ ಮೂರು ಕಾಫಿಗೆ ಹಾಕುವ ಸಕ್ಕರೆ ಅದು. ಸಕ್ಕರೆ ಬಿಟ್ಟರೆ ಮೂವತ್ತು ಮಹಡಿ ಹತ್ತಿದಷ್ಟೇ ಉಳಿತಾಯ, ಎರಡನ್ನೂ ಮಾಡಿದರೆ ದಿನಕ್ಕೆ ನೂರಿಪ್ಪತ್ತು. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಕಾಗದದ ಮೇಲೆ ನೋಡಿದರೆ ಎರಡು ತಿಂಗಳಿಗೆ ಒಂದು ಕೆ.ಜಿ. ಆದರೆ ದೇಹ ಕಾಗದ ನೋಡಿ ನಡೆಯುವುದಿಲ್ಲ. ವ್ಯಾಯಾಮ ಮಾಡಿದ ದಿನ ಹಸಿವು ಸ್ವಲ್ಪ ಹೆಚ್ಚಾಗುತ್ತದೆ, ಮೆಟ್ಟಿಲು ಹತ್ತಿದ್ದೇನಲ್ಲ ಅಂತ ಉಳಿದ ಹೊತ್ತು ಸೋಫಾದಿಂದ ಏಳುವುದು ಕಡಿಮೆಯಾಗುತ್ತದೆ, ತೂಕ ಇಳಿದ ಮೇಲೆ ಅದೇ ಮೆಟ್ಟಿಲಿಗೆ ಖರ್ಚೂ ಇಳಿಯುತ್ತದೆ. ಹಾಗಾಗಿ ಎರಡು ತಿಂಗಳಿನದು ಮೂರು ತಿಂಗಳಾಗಬಹುದು. ವಾರವಾರ ತೂಕದ ಯಂತ್ರ ಹತ್ತಿ ಬೇಜಾರಾಗಬೇಡ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ನೋಡಿಕೋ.

ಹಾಗಾದರೆ ಇಷ್ಟು ಸಣ್ಣ ಲಾಭಕ್ಕೆ ಮೆಟ್ಟಿಲು ಯಾಕೆ ಅಂತ ಕೇಳ್ತೀಯ. ಲಂಡನ್ನಿನಲ್ಲಿ ಜೆರ‍್ರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಅಲ್ಲಿನ ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿ 1953ರಲ್ಲಿ ಪ್ರಕಟಿಸಿದರು. ಇಬ್ಬರದೂ ಅದೇ ಬಸ್ಸು, ಅದೇ ಊರು, ಹೆಚ್ಚುಕಡಿಮೆ ಅದೇ ಸಂಬಳ. ಡ್ರೈವರು ಕುಳಿತಿರುತ್ತಾನೆ, ಕಂಡಕ್ಟರು ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ, ಬಂದರೂ ತಡವಾಗಿ, ಅಷ್ಟು ತೀವ್ರವಲ್ಲದೆ ಬರುತ್ತಿತ್ತು. ದುಡಿಮೆಯ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಗಟ್ಟಿಯಾಗಿ ತೋರಿಸಿದ ಅಧ್ಯಯನಗಳಲ್ಲಿ ಅದೊಂದು. ಎರಡೂ ಗುಂಪಿನವರು ಬೇರೆ ವಿಷಯಗಳಲ್ಲೂ ಬೇರೆಯಾಗಿದ್ದರು ಅಂತ ಆಮೇಲೆ ಚರ್ಚೆ ಆಯಿತು, ಡ್ರೈವರುಗಳ ಸಮವಸ್ತ್ರದ ಸೊಂಟದಳತೆಯೇ ದೊಡ್ಡದಿತ್ತು. ಆದರೂ ಮುಖ್ಯ ಮಾತು ನಿಂತಿದೆ. ಮೆಟ್ಟಿಲಿನ ದೊಡ್ಡ ಸಂಪಾದನೆ ಕ್ಯಾಲರಿಯಲ್ಲಿ ಇಲ್ಲ, ಹೃದಯ ಮತ್ತು ಪುಪ್ಪುಸದ ತಾಕತ್ತಿನಲ್ಲಿದೆ. ಆ ತಾಕತ್ತು ಬಂದ ಮೇಲೆ ನೀನು ಹೆಚ್ಚು ಹತ್ತಬಲ್ಲೆ, ಆಗ ಕ್ಯಾಲರಿಯೂ ತಾನಾಗಿ ಹೋಗುತ್ತದೆ.

ಆ ತಾಕತ್ತು ನಿನ್ನಲ್ಲಿ ಈಗ ಎಷ್ಟಿದೆ ಅಂತ ತಿಳಿಯೋಕೆ ಲ್ಯಾಬು ಬೇಡ. ಸ್ಪೇನಿನ ಹೃದಯ ತಜ್ಞರು 2020ರಲ್ಲಿ ಒಂದು ಸರಳ ಅಳತೆ ಹೇಳಿದರು. ಅರವತ್ತು ಮೆಟ್ಟಿಲನ್ನು ಓಡದೆ, ನಿಲ್ಲದೆ, ಚುರುಕಾಗಿ ಹತ್ತಬೇಕು. ಒಂದು ನಿಮಿಷದೊಳಗೆ ಮುಗಿದರೆ ಹೃದಯದ ಸ್ಥಿತಿ ಒಳ್ಳೆಯದು. ಒಂದೂವರೆ ನಿಮಿಷ ದಾಟಿದರೆ ವೈದ್ಯರನ್ನು ಕಾಣುವುದು ಒಳಿತು. ಅರವತ್ತು ಮೆಟ್ಟಿಲು ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಮಹಡಿ. ನಿನ್ನ ಮನೆಯ ಮೂರನೇ ಮಹಡಿಯಿಂದ ಆರನೇ ಮಹಡಿ. ಮೊದಲ ದಿನವೇ ಇದನ್ನು ಮಾಡಬೇಡ. ಎರಡು ವಾರ ನಿಧಾನವಾಗಿ ಹತ್ತಿ ಅಭ್ಯಾಸವಾದ ಮೇಲೆ, ಹೆಂಡತಿಯನ್ನೋ ಮಗನನ್ನೋ ಮೇಲೆ ಗಡಿಯಾರ ಹಿಡಿದು ನಿಲ್ಲಿಸಿ ನೋಡು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದೂ ಅರವತ್ತು ಮೆಟ್ಟಿಲಿನ ವಿಷಯವೇ. ವ್ಯಾಯಾಮದ ಅಭ್ಯಾಸವಿಲ್ಲದ ಯುವಕ ಯುವತಿಯರು ಮೂರು ಮಹಡಿಯ ಮೆಟ್ಟಿಲನ್ನು ಬಿರುಸಾಗಿ ಹತ್ತಿದರು. ದಿನಕ್ಕೆ ಮೂರು ಸಲ, ಒಂದಕ್ಕೂ ಇನ್ನೊಂದಕ್ಕೂ ಒಂದರಿಂದ ನಾಲ್ಕು ಗಂಟೆ ಬಿಡುವು, ವಾರಕ್ಕೆ ಮೂರು ದಿನ, ಆರು ವಾರ. ಕೊನೆಗೆ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೆಟ್ಟಿಲು ಹತ್ತದವರಿಗಿಂತ ಶೇಕಡಾ 5ರಷ್ಟು ಮೇಲಿತ್ತು. ದೊಡ್ಡ ಏರಿಕೆಯಲ್ಲ. ಆದರೆ ಅದಕ್ಕೆ ಅವರು ಕೊಟ್ಟ ಸಮಯ ದಿನಕ್ಕೆ ಕೆಲವೇ ನಿಮಿಷ.

ಹೀಗೆ ಮೂರು ಮಹಡಿಯನ್ನೇ ನಿನ್ನ ಅಳತೆಗೋಲು ಮಾಡಿಕೋ. ಮೊದಲ ವಾರ ಮೇಲೆ ಬರುವಾಗಲೆಲ್ಲ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬಂದು, ಅಲ್ಲಿಂದ ಆರಕ್ಕೆ ಹತ್ತು, ನಿನ್ನ ಪಾಡಿಗೆ ನಿಧಾನವಾಗಿ. ಮಾತಾಡಿಕೊಂಡು ಹತ್ತಲು ಆಗಬೇಕು, ಹಾಡು ಹೇಳಲು ಆಗಬಾರದು, ಅದು ಸರಿಯಾದ ವೇಗ. ಎರಡನೇ ವಾರದಿಂದ ದಿನಕ್ಕೊಮ್ಮೆ ಪೂರ್ತಿ ಆರು ಮಹಡಿ. ತಿಂಗಳು ತುಂಬುವ ಹೊತ್ತಿಗೆ ಮೂವತ್ತು ಮಹಡಿಯ ದಿನ ತಾನಾಗಿ ಕೂಡಿಬರುತ್ತದೆ. ಆಮೇಲೆ ಮಾತ್ರ ಬಿರುಸು. ದಿನ ಬಿಟ್ಟು ದಿನ, ಮೊದಲು ಕೆಳಗಿನ ಎರಡು ಮಹಡಿ ನಿಧಾನವಾಗಿ ಹತ್ತಿ ಮೈ ಬಿಸಿ ಮಾಡಿಕೊಂಡು, ಮುಂದಿನ ಮೂರನ್ನು ಚುರುಕಾಗಿ ಹತ್ತಬೇಕು. ಮೇಲೆ ತಲುಪಿದಾಗ ಒಂದು ಪೂರ್ತಿ ವಾಕ್ಯ ಒಂದೇ ಉಸಿರಿಗೆ ಬರಬಾರದು. ತಲುಪಿದ ಕೂಡಲೇ ಗೋಡೆಗೆ ಒರಗಿ ನಿಲ್ಲಬೇಡ. ಬಿರುಸಾಗಿ ದುಡಿದ ಕಾಲಿನಲ್ಲಿ ರಕ್ತ ತುಂಬಿರುತ್ತದೆ, ಥಟ್ಟನೆ ನಿಂತರೆ ತಲೆ ಸುತ್ತುತ್ತದೆ. ಕಾರಿಡಾರಿನಲ್ಲಿ ಒಂದೆರಡು ನಿಮಿಷ ಅತ್ತಿತ್ತ ನಡಿ. ನಿನ್ನ ಕೈಗಡಿಯಾರ ತೋರಿಸುವ ನಾಡಿಬಡಿತವನ್ನು ಹೆಚ್ಚು ನೆಚ್ಚಬೇಡ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಬಡಿತವನ್ನೇ ತಗ್ಗಿಸಿಡುತ್ತವೆ, ಅಂಥವರಿಗೆ ಉಸಿರು ಮತ್ತು ಮಾತಿನ ಅಳತೆಯೇ ನಂಬಿಕೆಯದು.

ಒಂದೊಂದೇ ಮೆಟ್ಟಿಲು ಹತ್ತಬೇಕೋ, ಎರಡೆರಡು ಹಾರಬೇಕೋ ಅನ್ನೋ ಪ್ರಶ್ನೆಯನ್ನು ಎಲ್ಲರೂ ಕೇಳ್ತಾರೆ. ಎರಡೆರಡು ಹತ್ತಿದರೆ ಆ ಕ್ಷಣದ ಖರ್ಚು ಜೋರು, ಆದರೆ ಬೇಗ ಮುಗಿದುಹೋಗುತ್ತದೆ. ಇಂಗ್ಲೆಂಡಿನ ಸಂಶೋಧಕರು 2012ರಲ್ಲಿ ಅಳೆದು ನೋಡಿದಾಗ, ಅದೇ ಎತ್ತರಕ್ಕೆ ಒಂದೊಂದೇ ಹತ್ತಿದಾಗ ಒಟ್ಟು ಖರ್ಚು ಸ್ವಲ್ಪ ಹೆಚ್ಚೇ ಇತ್ತು. ಮಂಡಿಗೂ ಅದೇ ಸುಖ. ನಿನ್ನಂಥವನಿಗೆ ಒಂದೊಂದೇ ಸಾಕು, ಕಾಲೇಜು ಹುಡುಗರು ಬೇಕಾದರೆ ಹಾರಲಿ.

ಪಾದವನ್ನು ಪೂರ್ತಿ ಮೆಟ್ಟಿಲ ಮೇಲೆ ಇಡು. ಬರೀ ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಮತ್ತು ಹಿಮ್ಮಡಿಯ ನರ ಬಿಗಿದುಕೊಳ್ಳುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಿದರೆ ಅತಿಯಾಯಿತು ಅಂತ ತಿಳಿ. ಸೊಂಟದಿಂದ ಒಂಚೂರು ಮುಂದಕ್ಕೆ ಬಾಗಿ, ಹಿಮ್ಮಡಿ ಊರಿ ಮೇಲೆ ನೂಕಿಕೊಂಡರೆ ಕುಂಡಿಯ ದೊಡ್ಡ ಸ್ನಾಯು ಕೆಲಸಕ್ಕೆ ಬರುತ್ತದೆ, ಮಂಡಿಯ ಮೇಲಿನ ಭಾರ ಹಂಚಿಹೋಗುತ್ತದೆ. ಕಂಬಿಯ ಹತ್ತಿರ ಕೈ ಇರಲಿ, ಬೀಳದಿರಲು. ಅದನ್ನು ಹಿಡಿದು ಎಳೆದುಕೊಂಡು ಹತ್ತಿದರೆ ಕಾಲಿನ ಕೆಲಸವನ್ನು ಕೈ ಮಾಡಿದಂತಾಯಿತು.

ಈಗ ಮಂಡಿಯ ವಿಷಯ. ಮೆಟ್ಟಿಲು ಹತ್ತಿದರೆ ಮಂಡಿ ಸವೆಯುತ್ತದೆ ಅಂತ ನಿಮ್ಮಮ್ಮ ಹೆದರಿಸಿರುತ್ತಾಳೆ. ಚೆನ್ನಾಗಿರುವ ಮಂಡಿಗೆ ಹತ್ತುವುದರಿಂದ ತೊಂದರೆಯಿಲ್ಲ. ಕಿರಿಕಿರಿ ಮಾಡುವುದು ಹೆಚ್ಚಾಗಿ ಇಳಿಯುವುದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು, ಆಗ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಖರ್ಚು ಮೂರನೇ ಒಂದು ಪಾಲು, ತೊಂದರೆ ಮಾತ್ರ ಹೆಚ್ಚು. ಅದಕ್ಕೇ ಮೊದಲ ಎರಡು ತಿಂಗಳು ಇಳಿಯೋಕೆ ಲಿಫ್ಟ್ ಹಿಡಿ ಅಂತ ಹೇಳೋದು. ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿದು ವ್ಯಾಯಾಮ ಆಯಿತು ಅನ್ನುವವರನ್ನು ನೋಡಿ ನನಗೆ ನಗು ಬರುತ್ತದೆ, ಅವರು ಮಾಡೋದು ಸರಿಯಾಗಿ ತಿರುಗಾಮುರುಗಾ. ತೊಡೆ ಗಟ್ಟಿಯಾದ ಮೇಲೆ ನಿಧಾನವಾಗಿ, ಸದ್ದಾಗದಂತೆ ಪಾದ ಇಟ್ಟು ಇಳಿಯುವುದನ್ನೂ ಸೇರಿಸಿಕೋ. ವಯಸ್ಸಾದ ಮೇಲೆ ಬೀಳದಿರಲು ಆ ಬಲ ಬೇಕಾಗುತ್ತದೆ.

ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದು ಹೀಗೆ ಗೊತ್ತಾಗುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ ಎರಡೂ ತೊಡೆ ಹಿಂಡಿದ ಹಾಗೆ ನೊಂದು, ಆಮೇಲೆ ತಾನಾಗಿ ಕಡಿಮೆಯಾದರೆ ಅದು ಸ್ನಾಯು ಪಳಗುವ ನೋವು. ಒಂದೇ ಮಂಡಿಯಲ್ಲಿ, ಚಿಪ್ಪಿನ ಹಿಂದೆ ಅಥವಾ ಕೀಲಿನ ಸಂದಿನಲ್ಲಿ, ಮೆಟ್ಟಿಲಿನ ಮೇಲೇ ಚುಚ್ಚಿದರೆ, ಬೆಳಿಗ್ಗೆ ಎದ್ದಾಗ ಮಂಡಿ ಊದಿದ್ದರೆ, ನಡೆಯುವಾಗ ಕೀಲು ಸಿಕ್ಕಿಕೊಂಡಂತಾದರೆ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸು. ನಿಮ್ಮಮ್ಮನನ್ನು ಮಾತ್ರ ಈ ಮೂವತ್ತು ಮಹಡಿಗೆ ಎಳೆಯಬೇಡ. ಸವೆದ ಮಂಡಿಗೆ ಮೆಟ್ಟಿಲು ಹಿಡಿಸುವುದಿಲ್ಲ. ಸಮನೆಲದ ನಡಿಗೆ, ಫಿಜಿಯೊಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮ, ಅಷ್ಟಿರಲಿ ಅವಳಿಗೆ.

ಮೆಟ್ಟಿಲಿನ ಜಾಗವನ್ನೂ ಒಮ್ಮೆ ಕಣ್ಣು ಬಿಟ್ಟು ನೋಡು. ನಿಮ್ಮ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರೂ ಲಿಫ್ಟ್ ಹಿಡಿಯುವುದರಿಂದ ಮೆಟ್ಟಿಲಿನ ಓಣಿ ಉಗ್ರಾಣವಾಗಿರುತ್ತದೆ. ಮಕ್ಕಳ ಹಳೇ ಸೈಕಲ್ಲು, ಚಪ್ಪಲಿ ಸ್ಟ್ಯಾಂಡು, ಹೂಕುಂಡ, ಪಾರಿವಾಳದ ಹಿಕ್ಕೆ. ಬೆಂಕಿ ಬಿದ್ದ ದಿನ ಓಡುವ ದಾರಿ ಅದು, ಅಸೋಸಿಯೇಷನ್ನಿಗೆ ಹೇಳಿ ಖಾಲಿ ಮಾಡಿಸು. ಕೆಲಸದವರು ಬೆಳಿಗ್ಗೆ ಒರೆಸಿದ ಮೆಟ್ಟಿಲು ಒಣಗುವವರೆಗೆ ಕಾಯಿ. ತಾನಾಗಿ ಹತ್ತಿ ಆರುವ ದೀಪ ಕೆಲವೊಮ್ಮೆ ಎರಡು ಮಹಡಿಯ ನಡುವೆ ಕೈಕೊಡುತ್ತದೆ. ಕೆಲವು ಕಟ್ಟಡಗಳಲ್ಲಿ ಮೆಟ್ಟಿಲಿನ ಬಾಗಿಲು ಒಳಗೆ ಹೋದ ಮೇಲೆ ಮಹಡಿಯ ಕಡೆಗೆ ತೆರೆಯುವುದಿಲ್ಲ. ಯಾವ ಯಾವ ಮಹಡಿಯಲ್ಲಿ ತೆರೆಯುತ್ತದೆ ಅಂತ ಮೊದಲೇ ನೋಡಿಟ್ಟುಕೋ, ಫೋನ್ ಜೇಬಲ್ಲಿರಲಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿದಿಡುವ ಶೂ ಸಾಕು. ಬೇಸ್‌ಮೆಂಟಿನ ಕಾರು ಇಳಿಯುವ ಇಳಿಜಾರಿನಲ್ಲಿ ಮಾತ್ರ ಓಡಾಡಬೇಡ. ತಿರುವಿನಲ್ಲಿ ಬರುವ ಕಾರಿನವನಿಗೆ ನೀನು ಕಾಣುವುದಿಲ್ಲ, ಮೇಲೆ ಹೊಗೆ ಬೇರೆ.

ಇಳಿಜಾರು ಬೇಕೆಂದರೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಏರು ಎಷ್ಟಿದೆ ಅನ್ನೋದನ್ನು ಶೇಕಡಾ ಲೆಕ್ಕದಲ್ಲಿ ಹೇಳ್ತಾರೆ: ನೂರು ಮೀಟರ್ ಮುಂದೆ ಹೋದಾಗ ಐದು ಮೀಟರ್ ಮೇಲೇರಿದರೆ ಶೇಕಡಾ 5. ಗಂಟೆಗೆ ಐದು ಕಿಲೋಮೀಟರಿಗಿಂತ ಒಂಚೂರು ಕಡಿಮೆ ವೇಗದಲ್ಲಿ ನಡೆದರೆ ನಿನಗೆ ಸಮನೆಲದಲ್ಲಿ ನಿಮಿಷಕ್ಕೆ ನಾಲ್ಕು ಕ್ಯಾಲರಿಯ ಮೇಲೆ ಸ್ವಲ್ಪ ಖರ್ಚು. ಅದೇ ವೇಗ, ಶೇಕಡಾ 5ರ ಏರಿನಲ್ಲಿ ಏಳು. ಶೇಕಡಾ 10ರಲ್ಲಿ ಹತ್ತರ ಹತ್ತಿರ. ಕಣ್ಣಿಗೆ ಏರು ಅಂತ ಕಾಣದ ರಸ್ತೆಯೂ ಉಸಿರಿಗೆ ಗೊತ್ತಾಗುತ್ತದೆ, ಸೈಕಲ್ಲಿನವನು ಎದ್ದು ನಿಂತು ತುಳಿಯುವ ಜಾಗ ನೋಡಿಕೊಂಡರೆ ಸಾಕು. ಲಾಲ್‌ಬಾಗಿನ ಬಂಡೆ, ಬಸವನಗುಡಿಯ ಕಹಳೆ ಬಂಡೆಯ ಸುತ್ತಮುತ್ತ, ಮಲ್ಲೇಶ್ವರದ ಕೆಲವು ಅಡ್ಡರಸ್ತೆಗಳು ಇದಕ್ಕೆ ಚೆನ್ನ. ಮಳೆ ಬಿದ್ದ ಮೇಲೆ ಬಂಡೆಯ ಸಹವಾಸ ಬೇಡ.

ಇಂಥ ಏರಿನಲ್ಲಿ ಮೂವತ್ತು ಸೆಕೆಂಡ್ ಬಿರುಸಾಗಿ ನಡೆದು, ಒಂದೂವರೆ ನಿಮಿಷ ನಿಧಾನವಾಗಿ ಇಳಿದು, ಹೀಗೆ ಆರು ಸಲ ಮಾಡುವ ಪದ್ಧತಿ ಈಗ ಜೋರಾಗಿದೆ. ಮಾಡು, ಆದರೆ ಅದರ ಹೆಸರಲ್ಲಿ ಹೇಳುವ ಸುಳ್ಳನ್ನು ನಂಬಬೇಡ. ಆ ಹನ್ನೆರಡು ನಿಮಿಷದಲ್ಲಿ ಒಂಬತ್ತು ನಿಮಿಷ ನೀನು ಇಳಿಯುತ್ತಿರುತ್ತೀಯ. ಒಟ್ಟು ಖರ್ಚು ಅರವತ್ತು-ಎಪ್ಪತ್ತು ಕ್ಯಾಲರಿ. ಸಮನೆಲದಲ್ಲಿ ಸುಮ್ಮನೆ ಅಷ್ಟೇ ಹೊತ್ತು ನಡೆದಿದ್ದರೆ ಐವತ್ತಾಗುತ್ತಿತ್ತು. ಶೇಕಡಾ 5ರ ಏರನ್ನು ಹನ್ನೆರಡು ನಿಮಿಷ ಬಿಡದೆ ಹತ್ತಿದ್ದರೆ ಎಂಬತ್ತು ದಾಟುತ್ತಿತ್ತು. ಬಿರುಸು ಮಾಡಿದ ಮೇಲೆ ದಿನವಿಡೀ ಕೊಬ್ಬು ಉರಿಯುತ್ತಿರುತ್ತದೆ ಅನ್ನುವುದೂ ಹೀಗೇ. ಆಮೇಲೆ ಸ್ವಲ್ಪ ಹೊತ್ತು ಖರ್ಚು ಹೆಚ್ಚಿರುವುದು ನಿಜ, ಆದರೆ ಅದು ವ್ಯಾಯಾಮದ ಖರ್ಚಿನ ಹತ್ತನೇ ಒಂದು ಪಾಲಿನ ಆಸುಪಾಸು. ಅರವತ್ತರ ಹತ್ತನೇ ಪಾಲು ಆರು. ಬಿರುಸಿನ ಏರು ಹೃದಯಕ್ಕೆ, ನಿಧಾನದ ಉದ್ದ ಏರು ಕ್ಯಾಲರಿಗೆ. ಎರಡನ್ನೂ ಬೆರೆಸಿ ಮೋಸ ಹೋಗಬೇಡ.

ಆ ಉದ್ದ ಏರು ವಾರಕ್ಕೊಮ್ಮೆಯಾದರೂ ಸಿಗಬೇಕು, ಅದಕ್ಕೇ ಮೈಸೂರಿಗೆ ಬಂದಾಗ ನನ್ನ ಜೊತೆ ಚಾಮುಂಡಿ ಬೆಟ್ಟಕ್ಕೆ ಬಾ ಅನ್ನೋದು. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಬೆಟ್ಟದ ತುದಿ 1,060ರ ಆಸುಪಾಸು. ಜನ ಹೇಳುವ ಸಾವಿರದೆಂಟು ಮೆಟ್ಟಿಲು ಬುಡದಿಂದ ಮೇಲಕ್ಕೆ ಹೆಚ್ಚುಕಡಿಮೆ ಇನ್ನೂರೈವತ್ತು ಮೀಟರ್ ಏರಿಸುತ್ತವೆ ಅಂದುಕೋ. ನಿಮ್ಮ ಕಟ್ಟಡದ ಎಂಬತ್ತು ಮಹಡಿ ಅದು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಕಟ್ಟಿಸಿದ ಕಲ್ಲುಮೆಟ್ಟಿಲು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಅಪಾರ್ಟ್‌ಮೆಂಟಿನ ಮೆಟ್ಟಿಲಿನಂತೆ ನೋಡದೆ ಕಾಲಿಟ್ಟರೆ ಎಡವುತ್ತೀಯ. ಶುಕ್ರವಾರ, ಅದರಲ್ಲೂ ಆಷಾಢದಲ್ಲಿ, ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ, ಇಬ್ಬನಿ ಬಿದ್ದರೆ ಅದು ಜಾರುತ್ತದೆ. ವ್ಯಾಯಾಮಕ್ಕೆ ಬೇರೆ ದಿನ ಬಾ.

ಹೊಸಬರೆಲ್ಲ ಮೊದಲ ಇನ್ನೂರು ಮೆಟ್ಟಿಲನ್ನು ಓಡಿ, ಆಮೇಲೆ ಕಟ್ಟೆಯ ಮೇಲೆ ಕೂತು ಬಾಯಿ ಬಿಡುತ್ತಾರೆ. ಬುಡದಿಂದಲೇ ಮೂಗಿನಲ್ಲಿ ಉಸಿರಾಡಲು ಆಗುವಷ್ಟು ನಿಧಾನವಾಗಿ ಶುರು ಮಾಡಬೇಕು. ನಂದಿಯವರೆಗೆ ನಿಲ್ಲದೆ ಬಂದರೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮುಗಿಯಿತು, ಅಲ್ಲಿ ನೀರು ಕುಡಿದು ಎರಡು ನಿಮಿಷ ನಡೆದಾಡಿ ಮುಂದಕ್ಕೆ ಹೋಗು. ಅಭ್ಯಾಸವಿಲ್ಲದವರಿಗೆ ಮುಕ್ಕಾಲು ಗಂಟೆ ಹಿಡಿದರೂ ಅವಮಾನವೇನಿಲ್ಲ. ನಿನ್ನ ತೂಕಕ್ಕೆ ಒಟ್ಟು ಖರ್ಚು ಇನ್ನೂರು ಕ್ಯಾಲರಿಯ ಆಸುಪಾಸು. ಇಳಿಯೋಕೆ ಸಿಟಿ ಬಸ್ಸಿದೆ. ಸಾವಿರ ಮೆಟ್ಟಿಲು ಇಳಿದು ಮೂರು ದಿನ ಕುಂಟಿಕೊಂಡು ಆಫೀಸಿಗೆ ಹೋಗುವುದಕ್ಕಿಂತ ಬಸ್ಸಿನ ಟಿಕೆಟ್ಟು ಅಗ್ಗ. ಕೆಳಗೆ ಬಂದ ಮೇಲೆ ಬೆಣ್ಣೆ ದೋಸೆಯೊಂದು ತಿಂದು ಕಾಫಿ ಕುಡಿದರೆ ಹತ್ತಿ ಕಳೆದದ್ದೆಲ್ಲ ಅಲ್ಲಿಗೇ ತುಂಬಿಬಂತು. ಎರಡು ತಿಂದರೆ ನಷ್ಟ. ನಾನು ತಿನ್ನಬೇಡ ಅನ್ನೋದಿಲ್ಲ, ಮೈಸೂರಿಗೆ ಬಂದವನಿಗೆ ಹಾಗನ್ನೋದು ಪಾಪ. ಆದರೆ ಬೆಟ್ಟ ಹತ್ತಿದ್ದೀನಿ ಅಂತ ಲೆಕ್ಕ ಹಾಕಿಕೊಂಡು ಎರಡನೆಯದನ್ನು ಹೇಳಬೇಡ.

ಕೊನೆಯದಾಗಿ, ಇದನ್ನು ಮೊದಲೇ ಹೇಳಬೇಕಿತ್ತು ಅಂತ ನಿಮ್ಮಮ್ಮ ಬೈತಾಳೆ. ನಮ್ಮ ಭಾವನಿಗೆ, ನಿಮ್ಮಪ್ಪನಿಗೆ, ಐವತ್ತರ ಹೊಸ್ತಿಲಲ್ಲೇ ಹೃದಯದ ತೊಂದರೆ ಬಂತು. ನಿನಗೆ ನಲವತ್ತಾಯಿತು, ಕೂತು ಮಾಡುವ ಕೆಲಸ. ಅಂಥ ಮನೆತನದವರು ಬಿರುಸಿನ ಏರಿಗೆ ಇಳಿಯುವ ಮೊದಲು ವೈದ್ಯರಿಗೆ ತೋರಿಸಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬೆಟ್ಟ ಹತ್ತಬಾರದು, ಜೇಬಲ್ಲಿ ಬೆಲ್ಲವೋ ಗ್ಲೂಕೋಸೋ ಇರಬೇಕು. ಹತ್ತುವಾಗ ಎದೆಯ ಮೇಲೆ ಭಾರ ಇಟ್ಟಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಣ್ಣನೆ ಬೆವರಿದರೆ, ಕಣ್ಣು ಕತ್ತಲಿಟ್ಟರೆ ಗ್ಯಾಸ್ಟ್ರಿಕ್ ಅಂತ ತಿಳಿದು ಇನ್ನೊಂದು ಮಹಡಿ ಹತ್ತಬೇಡ. ಅಲ್ಲೇ ಕೂತು ಯಾರನ್ನಾದರೂ ಕರೆ, ಆಂಬ್ಯುಲೆನ್ಸಿಗೆ 108ಕ್ಕೆ ಫೋನ್ ಮಾಡಿಸು. ಏದುಸಿರು ಎರಡು-ಮೂರು ನಿಮಿಷದಲ್ಲಿ ತಗ್ಗಬೇಕು. ಹತ್ತು ನಿಮಿಷವಾದರೂ ತಗ್ಗದಿದ್ದರೆ, ಕಳೆದ ತಿಂಗಳು ಸಲೀಸಾಗಿ ಹತ್ತಿದ ಮೂರು ಮಹಡಿ ಈ ತಿಂಗಳು ಕಾರಣವಿಲ್ಲದೆ ಕಷ್ಟವಾದರೆ, ಅದೂ ವೈದ್ಯರಿಗೆ ಹೇಳುವ ವಿಷಯವೇ.

ಆದ್ದರಿಂದ ಈ ಶನಿವಾರ ಬಿ.ಪಿ., ಸಕ್ಕರೆ, ಇ.ಸಿ.ಜಿ. ಮೂರನ್ನೂ ಮಾಡಿಸಿ ಡಾಕ್ಟರ ಮಾತು ಏನು ಅಂತ ನನಗೆ ಫೋನ್ ಮಾಡು. ಅವರು ಹ್ಞೂಂ ಅಂದರೆ ಸೋಮವಾರ ಸಂಜೆ ಲಿಫ್ಟಿನೊಳಗೆ ಆರು ಒತ್ತುವ ಬದಲು ಮೂರು ಒತ್ತು.